ಬಾಟಲಿಯ ಫೋಟೋ ನೋಡಿ ಹೇಳಿ ಅಂದರೆ: ಯಾವ ಪ್ರಾಡಕ್ಟ್, ಎಣ್ಣೆ ಮುಖಕ್ಕೆ ಆಗುತ್ತಾ?

ಬಳ್ಳಾರಿಯಲ್ಲಿ ಬೇಸಿಗೆ ಶುರುವಾಯಿತು ಅಂದರೆ ನಮ್ಮ ಮೆಡಿಕಲ್ ಶಾಪಿಗೆ ಡಾಕ್ಟರ ಚೀಟಿಗಿಂತ ಫೋನಿನಲ್ಲಿ ಫೋಟೋ ಹಿಡಿದುಕೊಂಡು ಬರುವವರೇ ಜಾಸ್ತಿ ಆಗುತ್ತಾರೆ. ಹಾಸ್ಟೆಲಿನ ಗೆಳತಿ ಕಳಿಸಿದ್ದು, ಅಕ್ಕನ ಬಾತ್‌ರೂಮಿನಲ್ಲಿ ತೆಗೆದದ್ದು, ಯಾವುದೋ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ಹೊಡೆದದ್ದು. "ಅಣ್ಣಾ, ಇದು ಐತೇನ್ರಿ? ನಂದು ಎಣ್ಣೆ ಮುಖ, ಆಗುತ್ತಾ?" ಅಂತ ಒಂದೇ ಉಸಿರಿಗೆ ಕೇಳುತ್ತಾರೆ. ಅದರಲ್ಲಿ ಎರಡು ಪ್ರಶ್ನೆ ಇವೆ. ಫೋಟೋದಲ್ಲಿ ಇರುವುದು ಸರಿಯಾಗಿ ಯಾವ ಪ್ರಾಡಕ್ಟ್ ಅನ್ನುವುದು ಮೊದಲನೆಯದು. ಅದರೊಳಗೆ ಇರುವ ಪದಾರ್ಥಗಳು ಜಿಡ್ಡು ಮುಖಕ್ಕೆ ಹೊಂದುತ್ತವಾ ಅನ್ನುವುದು ಎರಡನೆಯದು. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಎಷ್ಟು ಚೆನ್ನಾಗಿ ಉತ್ತರ ಹೇಳಿದರೂ ಅದು ಬೇರೆ ಬಾಟಲಿಯ ಉತ್ತರ ಆಗಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಫೋಟೋದಲ್ಲಿ ಬಿಳಿ ಬಾಟಲಿ ಇದೆ, ಮೇಲೆ ಸೆಟಾಫಿಲ್ ಅಂತ ಕಾಣುತ್ತದೆ. ಅದರ ಕೆಳಗಿನ ಸಾಲಿನ ಮೇಲೆ ಹಿಡಿದವರ ಹೆಬ್ಬೆರಳು ಬಂದಿದೆ. "ಕ್ಲೆನ್ಸರ್" ಅನ್ನುವ ಒಂದು ಪದ ಮಾತ್ರ ಉಳಿದಿದೆ.

ಬ್ರ್ಯಾಂಡ್ ಹೆಸರು ಸಿಕ್ಕಿತಲ್ಲ, ಇನ್ನೇನು ಅನ್ನಿಸಬಹುದು. ಆದರೆ ಇದೇ ಕಂಪನಿಯಲ್ಲಿ ಜೆಂಟಲ್ ಸ್ಕಿನ್ ಕ್ಲೆನ್ಸರ್ ಅಂತ ಒಂದಿದೆ, ಆಯ್ಲಿ ಸ್ಕಿನ್ ಕ್ಲೆನ್ಸರ್ ಅಂತ ಇನ್ನೊಂದಿದೆ. ಮೊದಲನೆಯದು ಒಣ ಮತ್ತು ಸಾಮಾನ್ಯ ಚರ್ಮಕ್ಕೆ, ಎರಡನೆಯದು ಎಣ್ಣೆ ಚರ್ಮಕ್ಕೆ ಅಂತ ಕಂಪನಿಯೇ ಬರೆದಿರುತ್ತದೆ. ಮೊದಲನೆಯದು ಹಾಲಿನಂತೆ ಮಂದವಾಗಿರುತ್ತದೆ, ನೊರೆ ಹೆಚ್ಚು ಕಡಿಮೆ ಬರುವುದೇ ಇಲ್ಲ. ಎರಡನೆಯದು ನೊರೆ ಬರುವ ಜಾತಿ. ದೂರದಿಂದ ನೋಡಿದರೆ ಎರಡೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಹೆಬ್ಬೆರಳು ಮುಚ್ಚಿದ್ದು ಅದೊಂದು ಸಾಲನ್ನೇ, ಇವೆರಡನ್ನು ಬೇರೆ ಮಾಡುವ ಸಾಲನ್ನೇ.

ಇಂಥ ಫೋಟೋವನ್ನು ಗೂಗಲ್ ಲೆನ್ಸಿಗೆ ಹಾಕಿದರೆ ಅದು ಬಾಟಲಿಯ ಆಕಾರ, ಬಣ್ಣ, ಕಾಣುವಷ್ಟು ಅಕ್ಷರ ಇವನ್ನೇ ಹಿಡಿದು ಹೋಲುವ ಚಿತ್ರಗಳನ್ನು ತಂದು ಹಾಕುತ್ತದೆ. ಬ್ರ್ಯಾಂಡ್ ಹಿಡಿಯಲು ಅದು ಒಳ್ಳೆಯದು. ಬ್ರ್ಯಾಂಡಿನ ಒಳಗಿನ ಯಾವ ಬಗೆ ಅಂತ ಹೇಳುವಾಗ ಎಡವುತ್ತದೆ, ಯಾಕೆಂದರೆ ಜಾಸ್ತಿ ಮಾರಾಟವಾಗುವ ಬಾಟಲಿಯ ಚಿತ್ರವೇ ಇಂಟರ್ನೆಟ್ಟಿನಲ್ಲಿ ಜಾಸ್ತಿ ಇರುತ್ತದೆ. ಅದಕ್ಕೆ ಮೊದಲು ಬಂದ ಫಲಿತಾಂಶವನ್ನೇ ಒಪ್ಪಿಕೊಂಡು ಬಿಡಬಾರದು. ಬಂದ ಚಿತ್ರವನ್ನೂ ನಿಮ್ಮ ಫೋಟೋವನ್ನೂ ಪಕ್ಕಪಕ್ಕ ಇಟ್ಟು ಬ್ರ್ಯಾಂಡ್ ಹೆಸರಿನ ಕೆಳಗಿನ ಚಿಕ್ಕ ಅಕ್ಷರದ ಸಾಲು, ಯಾವ ಚರ್ಮಕ್ಕೆ ಅಂತ ಬರೆದ ಸಾಲು, ಎಷ್ಟು ಮಿಲಿ ಅನ್ನುವುದು, ಇಷ್ಟನ್ನು ಹೋಲಿಸಿ. ಈ ಮೂರರಲ್ಲಿ ಒಂದು ಓದಲು ಬರದಿದ್ದರೂ ಗುರುತು ಪಕ್ಕಾ ಆಗಿಲ್ಲ ಅಂತಲೇ ಲೆಕ್ಕ. ಬೇರೆ ಫೋಟೋ ಕೇಳುವುದು ವಾಸಿ.

ಕೇಳುವುದಾದರೆ ಸರಿಯಾಗಿ ಕೇಳಬೇಕು. ನಾನು ಮೂರು ಫೋಟೋ ಕೇಳುತ್ತೇನೆ. ಒಂದು ಮುಂಭಾಗ, ಬೆರಳು ಅಡ್ಡ ಬರದ ಹಾಗೆ. ಇನ್ನೊಂದು ಹಿಂಭಾಗದ ಪದಾರ್ಥಗಳ ಪಟ್ಟಿ. ಮತ್ತೊಂದು ಬಾಟಲಿಯ ತಳ, ಅಥವಾ ಟ್ಯೂಬ್ ಆದರೆ ಅದರ ತುದಿಯ ಮಡಿಕೆ, ಅಂದರೆ ಬ್ಯಾಚ್ ನಂಬರ್ ಮತ್ತು ತಾರೀಖು ಅಚ್ಚಾಗಿರುವ ಜಾಗ. ಬಾಟಲಿ ದುಂಡಗಿದ್ದರೆ ಪಟ್ಟಿಯ ಎರಡೂ ತುದಿ ಬಾಗಿ ಮಸುಕಾಗುತ್ತವೆ, ಆದ್ದರಿಂದ ಸ್ವಲ್ಪ ತಿರುಗಿಸಿ ಎರಡು ಸಲ ತೆಗೆಯಲು ಹೇಳಿ. ಫ್ಲ್ಯಾಶ್ ಬೇಡ, ಹೊಳೆಯುವ ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ದು ಅಕ್ಷರ ಬಿಳಿಚಿಕೊಳ್ಳುತ್ತವೆ. ಬಾಗಿಲ ಬಳಿಯ ನೆರಳಿನ ಬೆಳಕು ಸಾಕು. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದನ್ನು ಕುಗ್ಗಿಸಿ ಕಳಿಸುತ್ತದೆ, ಚಿಕ್ಕ ಅಕ್ಷರ ಕಲಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೋಟೋ ಹಾಗೇ ಬರುತ್ತದೆ.

ಬಾರ್‌ಕೋಡ್ ಕಂಡರೆ ಅದರ ಕೆಳಗಿನ 13 ಅಂಕಿಗಳನ್ನು ಹಾಗೇ ಟೈಪ್ ಮಾಡಿ ಹುಡುಕಿ. ಸಾಮಾನ್ಯವಾಗಿ ಪ್ರತಿ ಬಗೆಗೂ ಪ್ರತಿ ಅಳತೆಗೂ ಬೇರೆ ನಂಬರ್ ಇರುವುದರಿಂದ, ಸಿಕ್ಕರೆ ಇದು ಲೆನ್ಸಿಗಿಂತ ಗಟ್ಟಿ ಗುರುತು. ಒಂದು ತಪ್ಪು ನಂಬಿಕೆ ಮಾತ್ರ ಬಿಡಿ. 890ರಿಂದ ಶುರುವಾದರೆ ಭಾರತದಲ್ಲೇ ತಯಾರಾಯಿತು ಅಂತ ಅರ್ಥ ಅಲ್ಲ. ಆ ನಂಬರ್ ಭಾರತದ ಬಾರ್‌ಕೋಡ್ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಅಂತ ಅಷ್ಟೇ. ಹಾಗೇ, ಫೋಟೋ ಹೊಂದಿತು ಅಂದ ಮಾತ್ರಕ್ಕೆ ಬಾಟಲಿ ಅಸಲಿ ಅಂತಲೂ ಅಲ್ಲ. ನಕಲಿ ಮಾಡುವವರು ಮೊದಲು ನಕಲು ಮಾಡುವುದೇ ಮುಂಭಾಗವನ್ನು. ಡಬ್ಬಿಯ ಮೇಲಿನ ಬ್ಯಾಚ್ ನಂಬರ್ ಮತ್ತು ಬಾಟಲಿಯ ಮೇಲಿನದು ಒಂದೇ ಇದೆಯಾ, ಇಲ್ಲಿ ತಯಾರಾದದ್ದಾದರೆ ಲೈಸೆನ್ಸ್ ನಂಬರ್, ಹೊರದೇಶದ್ದಾದರೆ ತರಿಸಿದವರ ವಿಳಾಸ ಇದೆಯಾ ಅಂತ ನೋಡಿ.

ಈಗ ಒಳ್ಳೆಯ ಫೋಟೋ ಬಂತು ಅನ್ನೋಣ. ಬೆರಳು ಸರಿಯಿತು, ಜೆಂಟಲ್ ಸ್ಕಿನ್ ಕ್ಲೆನ್ಸರ್ ಅಂತ ಕಾಣಿಸಿತು. ಹೆಸರು ಹಾಕಿ ಹುಡುಕಿದಾಗ ಸಿಗುವ ಪದಾರ್ಥಗಳ ಪಟ್ಟಿ ಒಂದಲ್ಲ, ಎರಡು. ಹಳೆಯದು ಹೀಗಿದೆ:

```
Water, Cetyl Alcohol, Propylene Glycol,
Sodium Lauryl Sulfate, Stearyl Alcohol,
Methylparaben, Propylparaben, Butylparaben
```

ಹೊಸದು ಹೀಗೆ:

```
Aqua, Glycerin, Cetearyl Alcohol, Panthenol,
Niacinamide, Pantolactone, Xanthan Gum,
Sodium Cocoyl Isethionate, Sodium Benzoate,
Citric Acid
```

ಹೆಸರು ಒಂದೇ, ಒಳಗಿನ ಸರಕು ಬೇರೆ. ಕಂಪನಿ ಫಾರ್ಮುಲಾ ಬದಲಿಸಿದೆ, ಆದರೆ ಹಳೇ ಪಟ್ಟಿ ಹಾಕಿಕೊಂಡ ಪುಟಗಳು ಇಂಟರ್ನೆಟ್ಟಿನಲ್ಲಿ ಹಾಗೇ ಉಳಿದಿವೆ. ಇದು ಬಹಳ ಜನ ಎಡವುವ ಜಾಗ. ಬಿರುಸಾಗಿ ತೊಳೆಯುವ ಸಲ್ಫೇಟ್ ಇದೆ, ಕೆಡದಂತೆ ಕಾಯುವ ಪ್ಯಾರಬೆನ್ ಇದೆ ಅಂತ ಯಾರೋ ಬರೆದದ್ದನ್ನು ಓದಿ ಹೆದರುತ್ತಾರೆ. ತಮ್ಮ ಕೈಯಲ್ಲಿರುವ ಬಾಟಲಿಯಲ್ಲಿ ಅವೆರಡೂ ಇರುವುದೇ ಇಲ್ಲ. ಆದ್ದರಿಂದ ಬ್ರ್ಯಾಂಡ್ ಹೊಂದಬೇಕು, ಬಗೆ ಹೊಂದಬೇಕು, ಕೊನೆಗೆ ಫಾರ್ಮುಲಾನೂ ಹೊಂದಬೇಕು. ಬಾಟಲಿಯ ಮೇಲಿನ ಪಟ್ಟಿಗೂ ವೆಬ್‌ಸೈಟಿನ ಪಟ್ಟಿಗೂ ತಾಳೆ ಆಗದಿದ್ದರೆ ಬಾಟಲಿಯದ್ದೇ ಸತ್ಯ. ತೀರಾ ಚಿಕ್ಕ ಪ್ಯಾಕುಗಳಿಗೆ ಪಟ್ಟಿ ಅಚ್ಚು ಹಾಕುವುದರಿಂದ ವಿನಾಯಿತಿ ಇದೆ. ಹಾಗಾಗಿ ಸ್ಯಾಂಪಲ್ ಟ್ಯೂಬಿನಲ್ಲಿ ಪಟ್ಟಿ ಇಲ್ಲದಿದ್ದರೆ ದೊಡ್ಡ ಪ್ಯಾಕಿನದ್ದನ್ನು ನೋಡಬೇಕಾಗುತ್ತದೆ.

ಪಟ್ಟಿಯನ್ನು ಫೋಟೋದಿಂದ ಫೋನೇ ಅಕ್ಷರವಾಗಿ ಎತ್ತಿಕೊಟ್ಟರೂ ಒಮ್ಮೆ ಕಣ್ಣಾಡಿಸಿ. ಗ್ಲಿಸರಿನ್ ಅಂದರೆ ಚರ್ಮದಲ್ಲಿ ನೀರು ಹಿಡಿದಿಡುವ ವಸ್ತು. ಗ್ಲಿಸರಿಲ್ ಅಂತ ಶುರುವಾಗುವುದು ಬೇರೆಯೇ ಪದಾರ್ಥ, ಸಾಮಾನ್ಯವಾಗಿ ನೀರನ್ನೂ ಎಣ್ಣೆಯನ್ನೂ ಸೇರಿಸಿ ಹಿಡಿಯಲು ಹಾಕುವಂಥದ್ದು. ಮಸುಕಾದ ಫೋಟೋದಲ್ಲಿ ಒಂದು ಅಕ್ಷರ ತಪ್ಪಿದರೆ ಇದು ಅದಾಗುತ್ತದೆ.

ಇನ್ನು ಪಟ್ಟಿ ಓದುವ ರೀತಿ. ನಮ್ಮ ದೇಶದ ನಿಯಮದ ಪ್ರಕಾರ ಶೇಕಡ 1ಕ್ಕಿಂತ ಜಾಸ್ತಿ ಇರುವ ಪದಾರ್ಥಗಳನ್ನು ಜಾಸ್ತಿಯಿಂದ ಕಡಿಮೆಗೆ ಬರೆಯಬೇಕು. ಶೇಕಡ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ, ಯಾವ ಕ್ರಮದಲ್ಲಾದರೂ ಬರೆಯಬಹುದು. ಅಂದರೆ ಪಟ್ಟಿಯ ನಡುವೆ ಎಲ್ಲೋ ಒಂದು ಕಾಣದ ಗೆರೆ ಇದೆ. ಗೆರೆಯ ಮೇಲಿರುವುದು ಬಾಟಲಿಯ ಮೈ, ಕೆಳಗಿರುವುದು ಚಿಟಿಕೆ ಲೆಕ್ಕ. ಆ ಗೆರೆಯನ್ನು ಹಿಡಿಯಲು ಒಂದು ಉಪಾಯ ಇದೆ. ಫಿನಾಕ್ಸಿಎಥನಾಲ್ ಅನ್ನುವ ಕೆಡದಂತೆ ಕಾಯುವ ವಸ್ತುವನ್ನು ಶೇಕಡ 1ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಆದ್ದರಿಂದ ಅದರ ನಂತರ ಬರೆದದ್ದೆಲ್ಲ ಶೇಕಡ 1ರ ಒಳಗೇ ಇರಬೇಕು. ಅದು ಇಲ್ಲದಿದ್ದರೆ ಕ್ಸಾಂಥನ್ ಗಮ್ ನೋಡಿ. ಇದು ದ್ರವವನ್ನು ಗಟ್ಟಿ ಮಾಡುವ ಅಂಟು, ಸ್ವಲ್ಪವೇ ಸಾಕಾಗುತ್ತದೆ, ಶೇಕಡ 1 ದಾಟುವುದು ಅಪರೂಪ.

ಈ ಅಳತೆಗೋಲು ಹಿಡಿದು ಹೊಸ ಪಟ್ಟಿಯನ್ನು ನೋಡಿ. ಮೊದಲು ನೀರು, ಆಮೇಲೆ ಗ್ಲಿಸರಿನ್, ಮೂರನೆಯದು ಸೆಟಿಯರಿಲ್ ಆಲ್ಕೋಹಾಲ್. ಆಲ್ಕೋಹಾಲ್ ಅಂತ ಇದ್ದರೂ ಇದು ಸ್ಪಿರಿಟ್ ಅಲ್ಲ, ಮುಖ ಒಣಗಿಸುವುದಿಲ್ಲ. ಮೇಣದಂಥ ಬಿಳಿ ವಸ್ತು ಇದು, ಹಾಲಿನಂಥ ಮಂದ ಬರುವುದು ಇದರಿಂದಲೇ. ಒಣಗಿಸುವ ಆಲ್ಕೋಹಾಲ್ ಅಂದರೆ ಆಲ್ಕೋಹಾಲ್ ಡಿನ್ಯಾಟ್ ಅಂತ ಬರೆದಿರುವುದು. ಈ ಪಟ್ಟಿಯಲ್ಲಿ ಅದಿಲ್ಲ. ಕೊಳೆಯನ್ನು ನಿಜವಾಗಿ ತೊಳೆಯುವ ಪದಾರ್ಥ ಯಾವುದು ಅಂತ ಹುಡುಕಿದರೆ ಒಂದೇ ಒಂದು ಸಿಗುತ್ತದೆ, ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್. ಅದು ಮೃದುವಾದ ಜಾತಿ, ಜೊತೆಗೆ ಕ್ಸಾಂಥನ್ ಗಮ್ ಆದ ಮೇಲೆ ಬಂದಿದೆ. ಅಂದರೆ ಹೆಚ್ಚೂ ಕಡಿಮೆ ಶೇಕಡ 1ರ ಒಳಗೆ. ಹಳೆಯ ಪಟ್ಟಿಯಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಸೋಡಿಯಂ ಲಾರಿಲ್ ಸಲ್ಫೇಟ್, ಇದಕ್ಕಿಂತ ಬಿರುಸಾದದ್ದು.

ಸುಗಂಧ ಇಲ್ಲ, ತೆಂಗಿನ ಎಣ್ಣೆ ಇಲ್ಲ, ಕೋಕೋ ಬೆಣ್ಣೆ ಇಲ್ಲ. ನಯಾಸಿನಮೈಡ್ ಐದನೇ ಸ್ಥಾನದಲ್ಲಿದೆ. ಇದು ಚರ್ಮದ ಮೇಲೆ ಉಳಿಯುವ ಸೀರಮ್ಮಿನಲ್ಲಿ ಶೇಕಡ 2ರಿಂದ 5 ಇದ್ದರೆ ಜಿಡ್ಡು ಸ್ವಲ್ಪ ಕಡಿಮೆ ಮಾಡಬಲ್ಲದು. ಆದರೆ ಅರ್ಧ ನಿಮಿಷದಲ್ಲಿ ತೊಳೆದು ಹೋಗುವ ಕ್ಲೆನ್ಸರಿನಿಂದ ಆ ಲಾಭ ನಿರೀಕ್ಷಿಸಬೇಡಿ. ಹೆಸರು ಕಂಡಿತು ಅಂತ ದುಡ್ಡು ಕೊಡಬೇಡಿ.

ಹಾಗಾದರೆ ಎಣ್ಣೆ ಮುಖಕ್ಕೆ ಇದು ಆಗುತ್ತಾ? ನನ್ನ ಉತ್ತರ ಹೀಗೆ. ಹಾನಿ ಇಲ್ಲ, ಆದರೆ ಎಲ್ಲ ಹೊತ್ತಿಗೂ ಸಾಲದು. ಬೆಳಿಗ್ಗೆ ಎದ್ದು ಮುಖ ತೊಳೆಯಲು ಸಾಕು. ಮೊಡವೆಗೆ ಡಾಕ್ಟರು ಅಡಾಪಲೀನ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್ ಕೊಟ್ಟು ಮುಖ ಒಣಗಿ ಸಿಪ್ಪೆ ಏಳುತ್ತಿದ್ದರೆ, ಎಣ್ಣೆ ಮುಖದವರಿಗೂ ಇದೇ ಒಳ್ಳೆಯದು. ಆದರೆ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬೈಕ್ ಓಡಿಸಿ, ಸನ್‌ಸ್ಕ್ರೀನ್, ಬೆವರು, ಸಂಡೂರು ಹೊಸಪೇಟೆ ರಸ್ತೆಯ ಕೆಂಪು ಧೂಳು ಎಲ್ಲಾ ಮೆತ್ತಿಕೊಂಡು ಸಂಜೆ ಮನೆಗೆ ಬಂದವರಿಗೆ ಇದು ಪೂರ್ತಿ ತೊಳೆಯುವುದಿಲ್ಲ. ಅವರಿಗೆ ನೊರೆ ಬರುವ ಬಗೆ ಬೇಕು. ಮುಖ ತೊಳೆದು ಒರೆಸಿದ ಮೇಲೂ ಟವೆಲ್ಲಿಗೆ ಕಂದು ಬಣ್ಣ ಅಂಟಿದರೆ ಸಾಲುತ್ತಿಲ್ಲ ಅಂತ ಅರ್ಥ. ತೊಳೆದ ಹತ್ತು ನಿಮಿಷಕ್ಕೆ ಕೆನ್ನೆ ಬಿಗಿದುಕೊಂಡು ಉರಿದರೆ ಜಾಸ್ತಿ ಬಿರುಸಾಯಿತು ಅಂತ ಅರ್ಥ.

ಇಲ್ಲಿ ನೀರಿನ ಮಾತೂ ಹೇಳಬೇಕು. ಕೊಪ್ಪಳ, ರಾಯಚೂರು ಕಡೆ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು. ಮಾಮೂಲಿ ಸೋಪು ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಕೂರುವ ಬಿಳಿ ಗಸಿಯಾಗುತ್ತದೆ. ಅದೇ ಗಸಿ ಮುಖದ ಮೇಲೂ ಉಳಿಯುತ್ತದೆ. ಎಷ್ಟು ತೊಳೆದರೂ ಮುಖ ಅಂಟಂಟು ಅನ್ನಿಸುತ್ತಿದ್ದರೆ ಅದು ಎಣ್ಣೆಯೇ ಆಗಿರಬೇಕಂತಿಲ್ಲ, ಸೋಪಿನ ಗಸಿಯೂ ಇರಬಹುದು. ಸೋಪಲ್ಲದ ಕ್ಲೆನ್ಸರುಗಳಲ್ಲಿ ಈ ತೊಂದರೆ ಕಡಿಮೆ. ಮುಖ ತೊಳೆಯುವುದನ್ನು ಬದಲಿಸುವ ಮೊದಲೇ ನನ್ನದು ಎಣ್ಣೆ ಮುಖ ಅಂತ ತೀರ್ಮಾನ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಕ್ಲೆನ್ಸರಿನಲ್ಲಿ ಇಷ್ಟು ಸಲೀಸಾಗಿ ಹಾನಿ ಇಲ್ಲ ಅಂದದ್ದು ಅದು ತೊಳೆದು ಹೋಗುವ ವಸ್ತು ಆದ್ದರಿಂದ. ಅದೇ ಸೆಟಿಯರಿಲ್ ಆಲ್ಕೋಹಾಲ್, ಅಥವಾ ಯಾವುದಾದರೂ ಎಣ್ಣೆ, ರಾತ್ರಿಯಿಡೀ ಮುಖದ ಮೇಲೆ ಇರುವ ಕ್ರೀಮಿನಲ್ಲಿ ಇದ್ದರೆ ಲೆಕ್ಕ ಬದಲಾಗುತ್ತದೆ. ಕ್ರೀಮ್, ಲೋಷನ್, ಸನ್‌ಸ್ಕ್ರೀನ್ ಆದರೆ ಮೊದಲ ಐದಾರು ಹೆಸರನ್ನು ಗಟ್ಟಿಯಾಗಿ ನೋಡಿ. ಪಟ್ಟಿಯಲ್ಲಿ ಗಿಡಗಳ ಹೆಸರು ಲ್ಯಾಟಿನ್‌ನಲ್ಲಿ ಇರುತ್ತವೆ, ಗುರುತು ಸಿಗುವುದಿಲ್ಲ. ಕೋಕಸ್ ನ್ಯೂಸಿಫೆರಾ ಅಂದರೆ ತೆಂಗು. ಥಿಯೋಬ್ರೋಮಾ ಕಕಾವೋ ಅಂದರೆ ಕೋಕೋ. ಇವೆರಡು ಮೇಲಿನ ಸಾಲಿನಲ್ಲಿದ್ದರೆ, ಅಥವಾ ಐಸೊಪ್ರೊಪಿಲ್ ಮಿರಿಸ್ಟೇಟ್, ಐಸೊಪ್ರೊಪಿಲ್ ಪಾಲ್ಮಿಟೇಟ್ ಇದ್ದರೆ, ಮೊಡವೆ ಏಳುವ ಎಣ್ಣೆ ಮುಖಕ್ಕೆ ನಾನು ಬೇಡ ಅನ್ನುತ್ತೇನೆ. ಇವು ರೋಮರಂಧ್ರ ಕಟ್ಟುವುದಕ್ಕೆ ಹೆಸರಾದವು.

ಎಲ್ಲ ಎಣ್ಣೆಯೂ ಒಂದೇ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಕಾರ್ಥಮಸ್ ಟಿಂಕ್ಟೋರಿಯಸ್ ಅಂತ ಕಂಡರೆ ಅದು ನಮ್ಮ ಕುಸುಬೆ. ಹೀಲಿಯಾಂಥಸ್ ಆನ್ಯೂಸ್ ಅಂದರೆ ಸೂರ್ಯಕಾಂತಿ. ಎರಡೂ ನಮ್ಮ ಹೊಲದ ಬೆಳೆ, ಎರಡರಲ್ಲೂ ಸಾಮಾನ್ಯವಾಗಿ ಲಿನೋಲೆಯಿಕ್ ಆಮ್ಲ ಜಾಸ್ತಿ. ಇವು ತೆಂಗಿನ ಎಣ್ಣೆಗಿಂತ ಹಗುರ, ಪಟ್ಟಿಯ ನಡುವೆ ಇದ್ದರೆ ಚಿಂತೆ ಮಾಡಬೇಕಿಲ್ಲ. ಡೈಮೆಥಿಕೋನ್ ಅನ್ನುವ ಸಿಲಿಕೋನ್ ಬಗ್ಗೆಯೂ ಸುಮ್ನೆ ಹೆದರಿಸುತ್ತಾರೆ. ಅದು ರಂಧ್ರ ಕಟ್ಟುವುದಿಲ್ಲ, ಜಿಡ್ಡೂ ಅಲ್ಲ. ಎಣ್ಣೆ ಮುಖಕ್ಕೆ ಮಾಡಿದ ಜೆಲ್‌ಗಳಲ್ಲಿ ಅದನ್ನೇ ಬಳಸುತ್ತಾರೆ. ನೀರು, ಗ್ಲಿಸರಿನ್, ಡೈಮೆಥಿಕೋನ್ ಇವು ಮುಂದಿದ್ದು, ಸ್ಯಾಲಿಸಿಲಿಕ್ ಆಮ್ಲ ಅಥವಾ ನಯಾಸಿನಮೈಡ್ ಜೊತೆಗಿದ್ದರೆ ಎಣ್ಣೆ ಮುಖಕ್ಕೆ ಹೊಂದುವ ಸಾಧ್ಯತೆ ಜಾಸ್ತಿ. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದ ಒಳಗೆ ಇಳಿಯುತ್ತದೆ. ಶೇಕಡ 0.5ರಿಂದ 2 ಇರುವುದು ವಾಡಿಕೆ.

ರಂಧ್ರ ಎಷ್ಟು ಕಟ್ಟುತ್ತವೆ ಅಂತ ಪದಾರ್ಥಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ವೆಬ್‌ಸೈಟುಗಳಿವೆ. ಪಟ್ಟಿ ಹಾಕಿದರೆ ಕೆಂಪು, ಹಸಿರು ಬಣ್ಣ ತೋರಿಸುತ್ತವೆ. ಅವನ್ನು ಪೂರ್ತಿ ನಂಬಬೇಡಿ. ಆ ಅಂಕಗಳಲ್ಲಿ ಎಷ್ಟೋ ಹಳೆಯ ಕಾಲದಲ್ಲಿ ಮೊಲದ ಕಿವಿಯ ಮೇಲೆ ಒಂದೊಂದೇ ಪದಾರ್ಥ ಹಚ್ಚಿ ನೋಡಿದ ಪರೀಕ್ಷೆಗಳಿಂದ ಬಂದವು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಶೇಕಡ 10 ಇರುವುದಕ್ಕೂ ಶೇಕಡ 0.1 ಇರುವುದಕ್ಕೂ ವೆಬ್‌ಸೈಟ್ ಒಂದೇ ಅಂಕ ಕೊಡುತ್ತದೆ. ಬಾಟಲಿಯ ಮೇಲಿನ ನಾನ್ ಕಾಮೆಡೋಜೆನಿಕ್, ಅಂದರೆ ರಂಧ್ರ ಕಟ್ಟುವುದಿಲ್ಲ, ಅನ್ನುವ ಮಾತಿಗೂ ಎಲ್ಲ ಕಂಪನಿಗಳು ಪಾಲಿಸಲೇಬೇಕಾದ ಒಂದೇ ಪರೀಕ್ಷೆ ಅಂತ ಇಲ್ಲ. ಎರಡನ್ನೂ ಸುಳಿವು ಅಂತ ತೆಗೆದುಕೊಳ್ಳಿ, ತೀರ್ಪು ಅಂತ ಬೇಡ.

ಒಂದು ಬಗೆಯ ಫೋಟೋ ಬಂದಾಗ ಮಾತ್ರ ನಾನು ಪಟ್ಟಿ ಓದುತ್ತಾ ಕೂರುವುದಿಲ್ಲ. ಚಿಕ್ಕ ಟ್ಯೂಬ್, "ಮುಖ ಬೆಳ್ಳಗಾಗುತ್ತೆ, ಜಿಡ್ಡು ಹೋಗುತ್ತೆ" ಅಂತ ಯಾರೋ ಹೇಳಿ ಕೊಟ್ಟದ್ದು. ಅದರ ಹಿಂದೆ ಇಂಗ್ರೀಡಿಯೆಂಟ್ಸ್ ಅಂತ ಇರುವುದಿಲ್ಲ, ಕಾಂಪೊಸಿಷನ್ ಅಂತ ಇರುತ್ತದೆ. ಹೆಸರುಗಳ ಮುಂದೆ ಐಪಿ ಅಂತ ಎರಡು ಅಕ್ಷರ, ಪಕ್ಕದಲ್ಲಿ ಶೇಕಡ ಎಷ್ಟು ಅಂತ ಅಂಕಿ, ಅಂಚಿನಲ್ಲಿ ಕೆಂಪು ಗೆರೆ ಇರುತ್ತದೆ. ಅಂದರೆ ಅದು ಸೌಂದರ್ಯದ ಕ್ರೀಮ್ ಅಲ್ಲ, ಔಷಧಿ. ಅದರಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಈ ಮೂರರಲ್ಲಿ ಯಾವುದಿದ್ದರೂ ಸ್ಟೀರಾಯ್ಡ್. ಹಚ್ಚಿದ ಮೊದಲ ವಾರ ಮುಖ ನಯವಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಒಂದೇ ಅಳತೆಯ ಸಣ್ಣ ಕೆಂಪು ಮೊಡವೆಗಳು ಗುಂಪಾಗಿ ಏಳುತ್ತವೆ, ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ ಅನ್ನುವ ಸ್ಥಿತಿ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ನಿಲ್ಲಿಸಿದರೂ ಮುಖ ಕೆಂಡದಂತಾಗಬಹುದು. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜ್ ಆಸ್ಪತ್ರೆ, ಎಲ್ಲಿ ಹತ್ತಿರವೋ ಅಲ್ಲಿ ಚರ್ಮದ ಡಾಕ್ಟರಿಗೆ ಆ ಟ್ಯೂಬನ್ನೇ ತೋರಿಸಿ ಕೇಳಿ.

ಮಾಮೂಲಿ ಕ್ರೀಮ್ ಆಗಿದ್ದು, ಗುರುತು ಹೊಂದಿ, ಪಟ್ಟಿಯೂ ಪಾಸಾದರೆ ಕಡೆಯ ಪರೀಕ್ಷೆ ನಿಮ್ಮ ಚರ್ಮದ್ದೇ. ದವಡೆಯ ಪಕ್ಕ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಒಂದು ವಾರ ರಾತ್ರಿ ಹಚ್ಚಿ. ಉರಿ, ತುರಿಕೆ, ಕೆಂಪು ಬರುವುದಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲಿ ಬರುತ್ತದೆ. ರಂಧ್ರ ಕಟ್ಟಿ ಏಳುವ ಗುಳ್ಳೆಗಳು ಮಾತ್ರ ನಿಧಾನ, ಅವು ಕಾಣಲು ಕೆಲವು ವಾರ ಬೇಕು. ಆದ್ದರಿಂದ ಕ್ಲೆನ್ಸರ್, ಸೀರಮ್, ಸನ್‌ಸ್ಕ್ರೀನ್ ಮೂರನ್ನೂ ಒಂದೇ ದಿನ ಬದಲಿಸಬೇಡಿ. ಒಂದು ತಿಂಗಳಿಗೆ ಒಂದನ್ನೇ ಬದಲಿಸಿ. ಹಣೆಯ ಮೇಲೆ ಸಣ್ಣ ಗುಳ್ಳೆ ಎದ್ದರೆ ಯಾವ ಬಾಟಲಿಯ ಪಟ್ಟಿಯನ್ನು ಮತ್ತೆ ತೆಗೆದು ಓದಬೇಕು ಅಂತ ಆಗ ಗೊತ್ತಿರುತ್ತದೆ.